ಎರಡು ಬಂಕ್, ಎರಡು ಸಾಫ್ಟ್‌ವೇರ್: ಮಾತಾಡಿಕೊಳ್ಳದೆಯೇ ಬೆಲೆ ಏರುವುದು ಹೇಗೆ?

‘ಫೋನ್‌ನಲ್ಲಿ ಚಾರ್ಜ್ ಕಡಿಮೆಯಿದ್ದರೆ ಕ್ಯಾಬ್ ದರ ಹೆಚ್ಚು ತೋರಿಸುತ್ತದೆ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಎರಡು ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಇದು ಸಾಬೀತಾಗುವುದಿಲ್ಲ. ದರ ಆಗಾಗ ಬದಲಾಗುತ್ತಲೇ ಇರುವಾಗ ಎರಡು ಫೋನ್‌ಗಳಲ್ಲಿ ಬೇರೆ ಬೇರೆ ಮೊತ್ತ ಕಾಣಬಹುದು. ಆದರೆ ದರ ನಿಗದಿ ಮಾಡುವ ಸಾಫ್ಟ್‌ವೇರ್‌ನಿಂದ ಇನ್ನೊಂದು ಬಗೆಯ ನಷ್ಟವಿದೆ. ಅದು ಸ್ಕ್ರೀನ್‌ಶಾಟ್‌ಗೆ ಸಿಗುವಂಥದ್ದಲ್ಲ.

ಜರ್ಮನಿಯ ಪೆಟ್ರೋಲ್ ಬಂಕ್‌ಗಳನ್ನೇ ನೋಡೋಣ. ಅಲ್ಲಿ ಪ್ರತಿ ಬಂಕ್ ತನ್ನ ಬೆಲೆಯನ್ನು ದಿನಕ್ಕೆ ಹಲವು ಬಾರಿ ಬದಲಿಸುತ್ತದೆ. 2013ರಿಂದ ಪ್ರತಿ ಬದಲಾವಣೆಯನ್ನೂ ಸರ್ಕಾರಿ ಸಂಸ್ಥೆಗೆ ಕೂಡಲೇ ತಿಳಿಸಬೇಕು. ಗ್ರಾಹಕರಿಗೆ ಅನುಕೂಲವಾಗಲಿ ಎಂದು ಮಾಡಿದ ನಿಯಮ ಇದು. 2017ರ ಸುಮಾರಿಗೆ ಬೆಲೆಯನ್ನು ತಾನೇ ನಿರ್ಧರಿಸುವ ಸಾಫ್ಟ್‌ವೇರ್ ಅಲ್ಲಿನ ಬಂಕ್‌ಗಳಿಗೆ ಬಂತು. ಆಸ್ಸದ್, ಕ್ಲಾರ್ಕ್, ಎರ್ಶೋವ್ ಮತ್ತು ಶು ಎಂಬ ಅರ್ಥಶಾಸ್ತ್ರಜ್ಞರು ಈ ದಾಖಲೆಗಳನ್ನು ಹಿಡಿದು ಅಧ್ಯಯನ ಮಾಡಿದರು.

ಒಂದೇ ಬಂಕ್ ಇರುವ ಕಡೆ ಸಾಫ್ಟ್‌ವೇರ್ ಬಂದರೂ ಲಾಭ ಹೆಚ್ಚಲಿಲ್ಲ. ಎರಡು ಬಂಕ್‌ಗಳಿದ್ದು ಒಂದು ಮಾತ್ರ ಬಳಸಿದಾಗಲೂ ಹೆಚ್ಚಲಿಲ್ಲ. ಎರಡೂ ಬಳಸತೊಡಗಿದಾಗ ಮಾತ್ರ ಲೀಟರಿನ ಮೇಲಿನ ಲಾಭ ಏರಿತು. ಅದೂ ತಕ್ಷಣವಲ್ಲ, ಸುಮಾರು ಒಂದು ವರ್ಷದ ನಂತರ.

ಈ ಒಂದು ವರ್ಷವೇ ಇಲ್ಲಿನ ಮುಖ್ಯ ಸುಳಿವು. ಒಂದು ಬಂಕ್ ಬೆಲೆ ಇಳಿಸಿತು ಎನ್ನಿ. ಮೊದಲಾದರೆ ಎದುರಿನ ಬಂಕಿನವರು ಗಮನಿಸುವಷ್ಟರಲ್ಲಿ ಒಂದಷ್ಟು ಗಿರಾಕಿಗಳು ಇತ್ತ ಬಂದಿರುತ್ತಿದ್ದರು. ಈಗ ಎದುರಿನ ಸಾಫ್ಟ್‌ವೇರ್ ಕೆಲವೇ ನಿಮಿಷಗಳಲ್ಲಿ ತಾನೂ ಇಳಿಸುತ್ತದೆ. ಗಿರಾಕಿ ಹೆಚ್ಚಲಿಲ್ಲ, ಲಾಭ ಹೋಯಿತು. ಇದು ನೂರಾರು ಬಾರಿ ಮರುಕಳಿಸಿದ ಮೇಲೆ, ಇಳಿಸದೆ ಸುಮ್ಮನಿರುವುದೇ ಲಾಭ ಎಂಬುದನ್ನು ಎರಡೂ ಸಾಫ್ಟ್‌ವೇರ್‌ಗಳು ಕಲಿಯುತ್ತವೆ. ಮಾಲೀಕರು ಪರಸ್ಪರ ಒಂದು ಮಾತೂ ಆಡಿರುವುದಿಲ್ಲ.

ಈ ಅಧ್ಯಯನಕ್ಕೊಂದು ಮಿತಿಯಿದೆ. ಯಾರ ಬಳಿ ಸಾಫ್ಟ್‌ವೇರ್ ಇದೆ ಎಂಬ ಪಟ್ಟಿ ಸಂಶೋಧಕರಿಗೆ ಸಿಕ್ಕಿರಲಿಲ್ಲ. ಬೆಲೆ ಎಷ್ಟು ಬಾರಿ, ಎಷ್ಟು ಬೇಗ ಬದಲಾಗುತ್ತದೆ ಎಂಬುದರಿಂದ ಅದನ್ನು ಊಹಿಸಿದರು.

ನಮ್ಮಲ್ಲಿ ಪೆಟ್ರೋಲ್ ಬೆಲೆಯನ್ನು ತೈಲ ಕಂಪನಿಗಳು ತಿಳಿಸುವುದರಿಂದ ಎದುರುಬದುರಿನ ಬಂಕ್‌ಗಳ ನಡುವೆ ಈ ಆಟ ನಡೆಯುವುದಿಲ್ಲ. ಆದರೆ ಇದಕ್ಕೆ ಹತ್ತಿರದ ಪ್ರಶ್ನೆಯೊಂದು ನಮ್ಮಲ್ಲೂ ಎದ್ದಿತ್ತು. ಓಲಾ, ಊಬರ್ ಆ್ಯಪ್‌ಗಳೇ ದರ ನಿಗದಿ ಮಾಡುವುದರಿಂದ ಚಾಲಕರ ನಡುವೆ ಪೈಪೋಟಿಯೇ ಇಲ್ಲ ಎಂದು ದೂರೊಂದು ದಾಖಲಾಗಿತ್ತು. ದರದ ಬಗ್ಗೆ ಚಾಲಕರ ನಡುವೆ ಒಪ್ಪಂದವಿಲ್ಲ ಎಂದು ಭಾರತೀಯ ಸ್ಪರ್ಧಾ ಆಯೋಗ 2018ರಲ್ಲಿ ಅದನ್ನು ಕೈಬಿಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ನಿರ್ಧಾರವನ್ನು ಎತ್ತಿಹಿಡಿಯಿತು. ಕಾನೂನು ಹುಡುಕುವುದು ಒಪ್ಪಂದವನ್ನು. ಜರ್ಮನಿಯಲ್ಲಿ ಕಂಡಂಥ ಏರಿಕೆಯಲ್ಲಿ ಒಪ್ಪಂದವೇ ಇರಬೇಕಿಲ್ಲ ಎಂಬುದೇ ತೊಡಕು.

ಹಾಗಾಗಿ ಮಳೆಯಲ್ಲಿ ದರ ದಿಢೀರನೆ ಏರಿದರೆ ನಾವು ಅಷ್ಟಾಗಿ ಅನುಮಾನಿಸುವುದಿಲ್ಲ. ವೆಚ್ಚ ಇಳಿದು, ಎದುರಾಳಿಗಳಿದ್ದೂ, ತಿಂಗಳುಗಟ್ಟಲೆ ಯಾರೂ ದರ ಇಳಿಸದಿದ್ದರೆ ಆಗ ಅನುಮಾನಿಸುತ್ತೇವೆ.