ಅವಳು ಕೇಳಿದ್ದು ಒಂದೇ ಸಾಲು

ಕರಾವಳಿಯ ಒಂದು ಹಳ್ಳಿಯ ಹೆಣ್ಣುಮಗಳು ತನ್ನ ಮೊಬೈಲು ಹಿಡಿದು ಪಕ್ಕದ ಮನೆಗೆ ಬಂದಳು. ಡ್ರೈವರ್ ಕೆಲಸವೆಂದು ನಂಬಿ ಸೌದಿಗೆ ಹೋದ ಗಂಡನನ್ನು ಅಲ್ಲಿ ಮರುಭೂಮಿಯ ಕುರಿ ದೊಡ್ಡಿಗೆ ಕಳಿಸಿದ್ದರು. ಅವನು ತನ್ನ ಇಕಾಮಾದ, ಅಂದರೆ ಅಲ್ಲಿನ ವಾಸದ ಪರವಾನಗಿ ಕಾರ್ಡಿನ, ಫೋಟೊ ಕಳಿಸಿದ್ದ. "ಮಾಷ್ಟ್ರೇ, ಇದರಲ್ಲಿ ಇವರ ಕೆಲಸ ಎಂತ ಅಂತ ಬರ್ದಿದೆ, ಸ್ವಲ್ಪ ಓದಿಸಿ ಕೊಡಿ" ಅಂದಳು. ಅವಳು ಕೇಳಿದ್ದು ಒಂದೇ ಸಾಲು.

ಮಾಷ್ಟ್ರು ಒಳ್ಳೆಯವರು, ನಿಮ್ಮಂತೆಯೇ. ಆ ಫೋಟೊವನ್ನು ಇದ್ದ ಹಾಗೇ ಇನ್ನೂರು ಚಿಲ್ಲರೆ ಜನರಿದ್ದ ವಾಟ್ಸಾಪ್ ಗುಂಪಿಗೆ ಹಾಕಿ, ಅರಬ್ಬಿ ಬಲ್ಲವರು ಓದಿ ಹೇಳಿ ಎಂದು ಬರೆದರು. ಐದು ನಿಮಿಷದಲ್ಲಿ ಉತ್ತರ ಬಂತು: 'ರಾಯಿ ಘನಮ್', ಕುರಿ ಕಾಯುವವನು. ಉತ್ತರ ಸಿಕ್ಕಿತು, ಕಾರ್ಡು ಮಾತ್ರ ಅಲ್ಲೇ ಉಳಿಯಿತು. ಅವನ ಮುಖ, ಹುಟ್ಟಿದ ದಿನ, ಧಣಿಯ ಹೆಸರು, ಹತ್ತು ಅಂಕಿಯ ಇಕಾಮಾ ಸಂಖ್ಯೆ, ಎಲ್ಲವೂ ಯಾರ್ಯಾರದೋ ಗ್ಯಾಲರಿಗೆ ಇಳಿದವು. ಕೆಲವು ದಿನ ಕಳೆದು ಅವನಿಗೊಂದು ಕರೆ ಬಂತು. ಹಿಂದಿಯಲ್ಲಿ ಮಾತಾಡಿದವನು ಅವನ ಸಂಖ್ಯೆ ಹೇಳಿದ, ಜನ್ಮದಿನ ಹೇಳಿದ, ಧಣಿಯ ಹೆಸರು ಹೇಳಿದ. ಇಕಾಮಾ ರದ್ದಾಗುತ್ತದೆ, ಮೊಬೈಲಿಗೆ ಬರುವ ಕೋಡ್ ಹೇಳು ಎಂದ. ಇಷ್ಟೆಲ್ಲ ತಿಳಿದವನು ಸರ್ಕಾರದವನೇ ಇರಬೇಕೆಂದು ನಂಬಿ ಅವನು ಕೋಡ್ ಹೇಳಿದ, ಖಾತೆಯಲ್ಲಿದ್ದ ಸಂಬಳ ಹೋಯಿತು. ಮಾಹಿತಿ ಆ ಗುಂಪಿನಿಂದಲೇ ಹೊರಟಿತೆಂದು ಯಾರೂ ಸಾಬೀತು ಮಾಡಲಾರರು. ಹೊರಡಲಿಲ್ಲವೆಂದು ಎದೆ ಮುಟ್ಟಿ ಹೇಳಲು ಮಾಷ್ಟ್ರಿಗೂ ಆಗುತ್ತಿಲ್ಲ.

ನಿಮಗೆ ಇದು ಗೊತ್ತು. ನಿಮ್ಮ ಪಾಸ್‌ಪೋರ್ಟನ್ನು ನೀವು ಹೀಗೆ ಬೀದಿಗೆ ಹಾಕುವುದಿಲ್ಲ, ನಿಮ್ಮ ಮಗಳ ಜನ್ಮದಾಖಲೆಯನ್ನೂ ಹಾಕುವುದಿಲ್ಲ. ಹಾಗಿದ್ದೂ ಬಡವರ ಕಾಗದ ಕೈಗೆ ಬಂದಾಗ, ಸಹಾಯ ಮಾಡುವ ಅವಸರದಲ್ಲಿ, ಕಣ್ಣು ಅತ್ತ ಹೊರಳಿಬಿಡುತ್ತದೆ. ಅವಳು ಕೇಳಿದ್ದು ಒಂದೇ ಸಾಲು. ನಾವು ಕೊಟ್ಟದ್ದು ಒಬ್ಬ ಮನುಷ್ಯನನ್ನು ಇಡಿಯಾಗಿ.

ದಯವಿಟ್ಟು ಒಂದು ಗಳಿಗೆ ನಿಲ್ಲಿ. ಅವಳ ಮೊಬೈಲಿನಲ್ಲಿ ಆ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಕೆಲಸದ ಆ ಸಾಲು ಮಾತ್ರ ಪರದೆ ತುಂಬುವ ತನಕ ಹಿಗ್ಗಿಸಿ, ಆಮೇಲೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಕೆಳಗೆ ಬೇರೆ ಸಾಲು ಉಳಿದಿದ್ದರೆ ಕಳಿಸುವ ಮುನ್ನ ಅದನ್ನೂ ಕತ್ತರಿಸಿ. ಆ ಹೊಸ ಚಿತ್ರದಲ್ಲಿ ಬೇರೇನೂ ಇರುವುದೇ ಇಲ್ಲ, ಆದ್ದರಿಂದ ಯಾರೂ ಏನನ್ನೂ ಹೊರತೆಗೆಯಲಾರರು. ಯಾವ ಸಾಲೆಂದು ತಿಳಿಯದಿದ್ದರೆ ಹೀಗೆ ಮಾಡಿ: ಅರಬ್ಬಿ ಬಲದಿಂದ ಎಡಕ್ಕೆ ಓದುವ ಲಿಪಿ, ಹಾಗಾಗಿ ಶೀರ್ಷಿಕೆಗಳು ಬಲಕ್ಕೆ, ವಿವರಗಳು ಅವುಗಳ ಎಡಕ್ಕೆ ಇರುತ್ತವೆ. ಮೊದಲು ಬಲಬದಿಯ ಶೀರ್ಷಿಕೆಗಳನ್ನಷ್ಟೇ ಕಳಿಸಿ, 'ಅಲ್‌ಮಿಹ್ನಾ', ಅಂದರೆ ಉದ್ಯೋಗ, ಯಾವುದೆಂದು ಕೇಳಿ. ಆಮೇಲೆ ಆ ಒಂದು ಸಾಲನ್ನು ಶೀರ್ಷಿಕೆಯ ಸಮೇತ ಕಳಿಸಿ. ಶೀರ್ಷಿಕೆಯೂ ಇಲ್ಲದ ಬರಿ ಪದವನ್ನು ಓದುವವರು ತಪ್ಪಾಗಿ ಅರ್ಥಮಾಡಿಕೊಂಡಾರು.

ಕಾಗದವೇ ಕೈಯಲ್ಲಿದ್ದರೆ ಫೋಟೊಗೆ ಮೊದಲೇ ಹಳೆ ಕ್ಯಾಲೆಂಡರ್ ಹಾಳೆಯ ತುಂಡುಗಳಿಂದ ಉಳಿದುದನ್ನು ಮುಚ್ಚಿ. ಫೋಟೊ ತೆಗೆದ ಮೇಲೆ ಬಳಿಯುವ ಹೈಲೈಟರ್ ಗೀಟನ್ನು ನಂಬಬೇಡಿ, ಅದು ಅರೆಪಾರದರ್ಶಕ. ಬೆಳಕು ಏರಿಸಿದರೆ ಅಂಕಿಗಳು ಮತ್ತೆ ಎದ್ದು ಬರುತ್ತವೆ.

ಎಲ್ಲಕ್ಕಿಂತ ಹೆಚ್ಚು ಮೋಸಹೋಗುವುದು ನಮಗೆ ಓದಲು ಬಾರದ ಕಡೆ. ಇಂಗ್ಲಿಷ್ ಅಂಕಿಯನ್ನು ಎಚ್ಚರದಿಂದ ಮುಚ್ಚುತ್ತೇವೆ. ಅದೇ ಸಂಖ್ಯೆ ಅರಬ್ಬಿ ಅಂಕಿಯಲ್ಲಿ ಪಕ್ಕದಲ್ಲೇ ಕೂತಿರುವುದು ಕಾಣುವುದಿಲ್ಲ. ಅಲ್ಲಿ ಐದು ನಮ್ಮ ಸೊನ್ನೆಯ ಹಾಗಿರುತ್ತದೆ, ಸೊನ್ನೆ ಬರಿ ಚುಕ್ಕಿಯಾಗಿರುತ್ತದೆ, ನಮ್ಮ ಕಣ್ಣಿಗೆ ಅದೊಂದು ಅಲಂಕಾರ. ಹಾಗೆಯೇ ಪಾಸ್‌ಪೋರ್ಟಿನ ಫೋಟೊ ಪುಟದ ಅಡಿಯಲ್ಲಿ ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲುಗಳಿರುತ್ತವೆ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನ, ಅವಧಿ ಮುಗಿಯುವ ದಿನ, ಮೇಲೆ ನೀವು ಮುಚ್ಚಿದ್ದೆಲ್ಲ ಅಲ್ಲಿ ಇನ್ನೊಮ್ಮೆ ಇರುತ್ತದೆ. ಆಧಾರ್ ಆದರೆ ಆ ಚೌಕದ ಕ್ಯೂಆರ್ ಕೋಡಿನಲ್ಲಿ ಹೆಸರು, ವಿಳಾಸ ಅಡಗಿರುತ್ತವೆ. ಓದಲು ಬಾರದ್ದನ್ನು ಮೊದಲು ಮುಚ್ಚಿ.

ಕಚೇರಿಗೆ ಪ್ರಮಾಣಿತ ಅನುವಾದವೇ ಬೇಕಾದರೆ ಪೂರ್ತಿ ಕಾಗದ ಕೊಡಲೇಬೇಕಾಗುತ್ತದೆ. ಆಗ ಒಬ್ಬರ ಕೈಗೆ ಮಾತ್ರ ಕೊಡಿ, ಪ್ರತಿಯ ಮೇಲೆ ಅಡ್ಡಲಾಗಿ ಯಾವ ಉದ್ದೇಶಕ್ಕೆಂದು ಬರೆದು ದಿನಾಂಕ ಹಾಕಿ.

ಈಗಾಗಲೇ ಗುಂಪಿಗೆ ಹಾಕಿದ್ದೀರಾ? ಅಳಿಸಿ, ಈಗಲೇ. ಇಳಿಸಿಕೊಂಡವರ ಫೋನಿನಿಂದ ಅದು ಹೋಗದಿರಬಹುದು, ಆದ್ದರಿಂದ ಅವಳಿಗೂ ಹೇಳಿ. ದೂರದ ದೊಡ್ಡಿಯಲ್ಲಿ ಕುರಿಗಳ ನಡುವೆ ನಿಂತವನಿಗೆ ಅವಳೇ ಫೋನು ಮಾಡಿ ಹೇಳಲಿ: ನಿಮ್ಮ ಸಂಖ್ಯೆ ಹೊರಗೆ ಹೋಗಿದೆ, ಯಾರು ಕೇಳಿದರೂ ಕೋಡ್ ಕೊಡಬೇಡಿ.