ಚರ್ಮದ ಫೋಟೋ ಕಳಿಸುವ ಮೊದಲು

ಗೋವೆಯ ಸತ್ತರಿ ತಾಲೂಕಿನ ಗೇರುತೋಟಗಳಲ್ಲಿ ದುಡಿಯುವ ನಮ್ಮ ಜನ ಮೈಮೇಲೆ ಕಲೆ ಕಂಡೊಡನೆ ಫೋಟೋ ತೆಗೆದು ಡಾಕ್ಟರರಿಗೆ ಕಳಿಸುವುದುಂಟು. ಬರಿಯ ಫೋಟೋ ಸಾಲದೆಂಬುದು ನಮ್ಮ ಅಭಿಪ್ರಾಯ.

ತೊಡೆಸಂದಿಯ ಹುಳುಕಡ್ಡಿಯನ್ನೇ ತೆಗೆದುಕೊಳ್ಳೋಣ. ಕೆಂಪು ಅಂಚು, ನಡುವೆ ತಿಳಿಯಾದ ಉಂಗುರ, ಇದು ಅದರ ಗುರುತು. ಆಳು ಅಂಗಡಿಯಿಂದ ಕ್ಲೋಬೆಟಾಸಾಲ್ ಎಂಬ ಸ್ಟಿರಾಯ್ಡ್ ಬೆರೆತ ಮುಲಾಮು ತಂದು ಮೂರು ವಾರ ಹಚ್ಚಿದನೆನ್ನಿರಿ. ಕೆಂಪು ಇಳಿಯುತ್ತದೆ, ತುರಿಕೆ ತಗ್ಗುತ್ತದೆ. ರೋಗ ಮಾತ್ರ ಸದ್ದಿಲ್ಲದೆ ಹರಡುತ್ತದೆ. ಮುಲಾಮು ಬಿಟ್ಟ ಕೆಲವೇ ದಿನಗಳಲ್ಲಿ ತುರಿಕೆ ಮತ್ತೆ ಏಳುತ್ತದೆ. ಆಗ ತೆಗೆದ ಫೋಟೋದಲ್ಲಿ ಉಂಗುರವೇ ಕಾಣದೆ ಹೋಗಬಹುದು. ನೋಡಿದವರು ಇಸಬೆಂದು ತಿಳಿದು ಅದೇ ಜಾತಿಯ ಮುಲಾಮನ್ನೇ ಬರೆದುಕೊಟ್ಟಾರು! “ಹಚ್ಚಿದಾಗ ಇಳಿಯಿತು, ಬಿಟ್ಟಾಗ ಹೆಚ್ಚಿತು” ಎಂದು ಒಂದು ಮಾತು ತಿಳಿಸಿದ್ದರೆ, ಅಂಚಿನ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಔಷಧದ ಹೆಸರು ನೆನಪಿರುವುದು ಅಪರೂಪ. ಆದ್ದರಿಂದ ಮುಲಾಮಿನ ಟ್ಯೂಬಿನ ಫೋಟೋವನ್ನೂ ಜೊತೆಗೆ ಕಳಿಸಿರಿ.

ಗೇರುಸಿಪ್ಪೆಯ ಎಣ್ಣೆ ತಗುಲಿದ ಕೈಯ ಸಂಗತಿ ಬೇರೆ. ಅಲ್ಲಿ ಉರಿ, ನೋವು ಮುಂದು. ಎಣ್ಣೆ ತಾಗಿದ್ದು ಯಾವ ದಿನವೆಂದು ಹೇಳಿದರೆ ಅರ್ಧ ಕೆಲಸವಾದಂತೆ.

ಇನ್ನೊಂದು ಬಗೆಯ ಕಲೆಯುಂಟು. ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ, ತುರಿಸದು, ನೋಯದು, ಮುಟ್ಟಿದರೂ ತಿಳಿಯದು. ಫೋಟೋದಲ್ಲಿ ಬರಿಯ ಮಸುಕು ಮಚ್ಚೆ. ಕುಷ್ಠದ ಶಂಕೆ ಹುಟ್ಟಿಸುವುದು ಆ ಸ್ಪರ್ಶವಿಲ್ಲದಿರುವುದೇ. ಅದಕ್ಕೆ ಫೋಟೋ ಬೇಡ, ಆಳೇ ಆಸ್ಪತ್ರೆಗೆ ಹೋಗಲಿ.