ಇಸವಿ ಬಾಯಿಪಾಠಕ್ಕೆ ಕಟಪಯಾದಿ ಸಾಕು, ಆದರೆ ಪ್ರಶ್ನೆ ಬದಲಾಗಬೇಕು

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ತಾಲ್ಲೂಕುಗಳ ವಾಟ್ಸಾಪ್ ಗುಂಪುಗಳಲ್ಲಿ ಇತಿಹಾಸ ಪುಸ್ತಕದ ಪುಟಗಳು ಫೋಟೋ ಆಗಿ ಓಡಾಡತೊಡಗುತ್ತವೆ. ಪುಸ್ತಕ ತಂಗಿಯ ಹತ್ತಿರ ಇರುತ್ತದೆ, ಅಣ್ಣ ಹಾಸ್ಟೆಲ್‌ನಲ್ಲಿ ಇರುತ್ತಾನೆ. ಪುಟ ಮೊಬೈಲ್‌ನಲ್ಲಿ ಹೋಗುತ್ತದೆ. ಅದರ ಹಿಂದೆಯೇ ಯಾರೋ ತಯಾರಿಸಿದ ಕ್ವಿಜ್ ಬರುತ್ತದೆ: ನಾಲ್ಕನೇ ಆಂಗ್ಲೋ-ಮೈಸೂರು ಯುದ್ಧ ಯಾವಾಗ ನಡೆಯಿತು? 1526, 1799, 1857, 1947. ಇದಕ್ಕೆ ಉತ್ತರಿಸಲು ಮೈಸೂರಿನ ಇತಿಹಾಸ ಓದಬೇಕಾಗಿಲ್ಲ. ಉಳಿದ ಮೂರು ಯಾವುವೆಂದು ಗೊತ್ತಿದ್ದರೆ ಸಾಕು. ಇಂಥ ಕ್ವಿಜ್‌ನಲ್ಲಿ ಹತ್ತಕ್ಕೆ ಹತ್ತು ತೆಗೆದ ಮಗು, ಪರೀಕ್ಷೆಯಲ್ಲಿ ಎರಡನೇ ಯುದ್ಧದ ಒಪ್ಪಂದವನ್ನು ಮೂರನೇ ಯುದ್ಧಕ್ಕೆ ಅಂಟಿಸಿ ಬರುತ್ತದೆ. ತಪ್ಪು ಮಗುವಿನದಲ್ಲ, ಕ್ವಿಜ್ ಮಾಡಿದವರದು ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಹೇಗೆ ಮಾಡಬೇಕು? ಆಂಗ್ಲೋ-ಮೈಸೂರು ಯುದ್ಧಗಳ ಪುಟವನ್ನೇ ತೆಗೆದುಕೊಳ್ಳೋಣ.

ಮೊದಲ ಕೆಲಸ, ಫೋಟೋದಲ್ಲಿರುವ ಇಸವಿಗಳನ್ನು ಒಂದರ ಕೆಳಗೆ ಒಂದು ಬರೆದುಕೊಳ್ಳುವುದು: 1767-69, 1780-84, 1790-92, 1799. ಇಲ್ಲೇ ಹೆಚ್ಚು ಮಂದಿ ಎಡವುತ್ತಾರೆ. ಹೊಲಿಗೆಯ ಕಡೆ ಪುಟ ಬಾಗಿ ನೆರಳು ಬಿದ್ದಿರುತ್ತದೆ, ಅಲ್ಲಿ 8 ಹೋಗಿ 6 ಆಗಿ ಕಾಣುತ್ತದೆ. ಹಳೆಯ ಪುಸ್ತಕದಲ್ಲಿ ಕನ್ನಡ ಅಂಕಿಗಳಿದ್ದರೆ ೬ ಮತ್ತು ೯ ಅದಲುಬದಲಾಗುತ್ತವೆ. ತಪ್ಪನ್ನು ಹಿಡಿಯುವ ದಾರಿ ಸುಲಭ. ಪ್ರತಿ ಯುದ್ಧವೂ ಶುರುವಾದ ಮೇಲೆ ಮುಗಿಯಬೇಕು, ಮುಂದಿನದು ಅದಾದ ಮೇಲೆ ಶುರುವಾಗಬೇಕು. ಮಂಗಳೂರು ಒಪ್ಪಂದ 1764 ಎಂದು ಓದಿದ್ದರೆ ಅದು ಮೊದಲ ಯುದ್ಧಕ್ಕಿಂತಲೂ ಹಿಂದೆ ಹೋಗಿ ಕೂರುತ್ತದೆ. ಆಗ ಫೋಟೋ ಮತ್ತೆ ತರಿಸಿ ನೋಡಬೇಕು. ಫೋಟೋ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷರ ಮಸುಕಾಗುವುದು ಕಡಿಮೆ.

ಎರಡನೆಯದು ನೆನಪಿನ ಗುಟ್ಟು. ಏಳು ಇಸವಿಗೆ ಏಳು ಗುಟ್ಟು ಕಟ್ಟುವುದು ದಂಡ. ನಾಲ್ಕು ಯುದ್ಧ ಮುಗಿದ ಇಸವಿಗಳನ್ನು ಮಾತ್ರ ಹಿಡಿದುಕೊಂಡರೆ ಸಾಕು: 69, 84, 92, 99. ಶುರುವಾದ ವರ್ಷ ತಿಳಿಯಲು ಯುದ್ಧ ಎಷ್ಟು ವರ್ಷ ನಡೆಯಿತೆಂದು ಕಳೆದರಾಯಿತು: ಎರಡು, ನಾಲ್ಕು, ಎರಡು. ಕೊನೆಯದು ಅದೇ ವರ್ಷ ಮುಗಿಯಿತು, ಕಳೆಯುವುದೇನಿಲ್ಲ.

ನಾಲ್ಕು ಇಸವಿಗೆ ಇಂಗ್ಲಿಷ್ ಅಕ್ಷರಗಳ ಸರ್ಕಸ್ ಬೇಕಿಲ್ಲ, ನಮ್ಮಲ್ಲೇ ಕಟಪಯಾದಿ ಇದೆ. ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳ ಸಂಖ್ಯೆ ಅಡಗಿರುವುದು ಇದರಲ್ಲೇ. ಕ ದಿಂದ ಝ ವರೆಗೆ 1ರಿಂದ 9, ಞ ಗೆ 0. ಟ ದಿಂದ ಧ ವರೆಗೆ ಮತ್ತೆ 1ರಿಂದ 9, ನ ಗೆ 0. ಪ ದಿಂದ ಮ ವರೆಗೆ 1ರಿಂದ 5. ಯ ರ ಲ ವ ಶ ಷ ಸ ಹ ಳ ಇವಕ್ಕೆ 1ರಿಂದ 9. ಕಾಗುಣಿತಕ್ಕೆ ಬೆಲೆಯಿಲ್ಲ, ಒತ್ತಕ್ಷರವಿದ್ದರೆ ಕೊನೆಯ ವ್ಯಂಜನವಷ್ಟೇ ಲೆಕ್ಕಕ್ಕೆ. ಸಂಪ್ರದಾಯದಲ್ಲಿ ಬಂದ ಸಂಖ್ಯೆಯನ್ನು ತಿರುಗಿಸಿ ಓದುತ್ತಾರೆ: ಮಾಯಾಮಾಳವಗೌಳದ ಮಾ 5, ಯಾ 1, ರಾಗದ ಸಂಖ್ಯೆ 15. ಮಕ್ಕಳಿಗೆ ಇಸವಿ ಕಲಿಸುವಾಗ ತಿರುಗಿಸುವುದು ಬೇಡ, ಎಡದಿಂದಲೇ ಓದೋಣ. ಆದರೆ ಒಮ್ಮೆ ಹಾಗೆಂದು ಹೇಳಿದ ಮೇಲೆ ನಡುವೆ ಬದಲಾಯಿಸಬಾರದು.

ಈಗ ಪದ ಹುಡುಕಿ. 69ಕ್ಕೆ ತ ಮತ್ತು ಳ, ಅಂದರೆ "ತಾಳು". ಹೈದರಾಲಿ ಮದ್ರಾಸಿನ ಬಾಗಿಲವರೆಗೆ ಬಂದಾಗ ಇಂಗ್ಲಿಷರು ತಾಳಪ್ಪಾ ಎಂದು ಒಪ್ಪಂದಕ್ಕೆ ಬಂದರು. 84ಕ್ಕೆ ಜ ಮತ್ತು ವ, "ಜೀವ". ಮಂಗಳೂರು ಒಪ್ಪಂದದಲ್ಲಿ ಎರಡೂ ಕಡೆಯವರು ಗೆದ್ದ ಪ್ರದೇಶ ಹಿಂದಿರುಗಿಸಿ, ಸೆರೆಯಾಳುಗಳನ್ನು ಬಿಡಲು ಒಪ್ಪಿದರು. ಸೆರೆಯಲ್ಲಿದ್ದವರಿಗೆ ಜೀವ ಬಂತು. 92ಕ್ಕೆ ಧ ಮತ್ತು ರ, "ಧಾರೆ". ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಧಾರೆಯೆರೆಯಬೇಕಾಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗೆ ಒಪ್ಪಿ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. 99ಕ್ಕೆ ಧ ಮತ್ತು ಳ, "ಧೂಳು". 1799ರ ಮೇ 4ರಂದು ಫಿರಂಗಿ ಒಡೆದ ಕೋಟೆಗೋಡೆಯಿಂದ ಶತ್ರು ಒಳನುಗ್ಗಿತು, ಟಿಪ್ಪು ಹೋರಾಡುತ್ತಲೇ ಮಡಿದ.

ತಾಳು, ಜೀವ, ಧಾರೆ, ಧೂಳು. ಪದಕ್ಕೂ ಘಟನೆಗೂ ಸಂಬಂಧವಿದೆ, ಆದ್ದರಿಂದಲೇ ಇವು ನಿಲ್ಲುತ್ತವೆ. ಸಂಬಂಧವಿಲ್ಲದ ಪದ ಕೆಲಸಕ್ಕೆ ಬರುವುದಿಲ್ಲ. 1824ರ ಕಿತ್ತೂರು ಹೋರಾಟಕ್ಕೆ ಹುಡುಕಿದರೆ 24ಕ್ಕೆ "ರವೆ" ಸಿಗುತ್ತದೆ. ಲೆಕ್ಕ ಸರಿ, ಆದರೆ ಚೆನ್ನಮ್ಮನಿಗೂ ರವೆಗೂ ಏನು ಸಂಬಂಧ? ಮಗುವಿಗೆ ರವೆ ನೆನಪಿರುತ್ತದೆ, ಕಿತ್ತೂರು ಮರೆಯುತ್ತದೆ. ಅಂಥ ಕಡೆ ಇಸವಿಯನ್ನೇ ನೇರವಾಗಿ ಹೇಳಿಸುವುದು ಲೇಸು. ಇನ್ನೊಂದು ಮಿತಿ: ಈ ಪದಗಳು ಕೊನೆಯ ಎರಡು ಅಂಕಿ ಮಾತ್ರ ಹೇಳುತ್ತವೆ. ಒಂದೇ ಪುಟದಲ್ಲಿ 1700 ಮತ್ತು 1800ರ ಘಟನೆಗಳು ಬೆರೆತಿದ್ದರೆ ಎರಡು ಪಟ್ಟಿ ಮಾಡಲೇಬೇಕು.

ಮೂರನೆಯದು ಕಾಲರೇಖೆ. ನೋಟ್‌ಬುಕ್ಕನ್ನು ಅಡ್ಡ ಹಿಡಿದು 1765ರಿಂದ 1800ರವರೆಗೆ ಗೆರೆ ಎಳೆಯಿರಿ. ಒಂದು ವರ್ಷಕ್ಕೆ ಅರ್ಧ ಸೆಂಟಿಮೀಟರ್‌ನಂತೆ ಒಟ್ಟು ಹದಿನೇಳೂವರೆ ಸೆಂಟಿಮೀಟರ್ ಆಗುತ್ತದೆ. ಯುದ್ಧದ ವರ್ಷಗಳನ್ನು ದಪ್ಪ ಮಾಡಿ. ಪಟ್ಟಿಯಲ್ಲಿ ಕಾಣದ ಸಂಗತಿ ಆಗ ಕಣ್ಣಿಗೆ ಬೀಳುತ್ತದೆ: ಮೊದಲ ಮತ್ತು ಎರಡನೇ ಯುದ್ಧದ ನಡುವೆ ಐದೂವರೆ ಸೆಂಟಿಮೀಟರ್ ಖಾಲಿ ಜಾಗ, ಹನ್ನೊಂದು ವರ್ಷ. ಆ ಖಾಲಿ ಜಾಗದಲ್ಲೇ ಎರಡನೇ ಯುದ್ಧದ ಕಾರಣ ಇದೆ. ಮದ್ರಾಸ್ ಒಪ್ಪಂದದಲ್ಲಿ ಪರಸ್ಪರ ನೆರವಾಗುವ ಮಾತು ಇತ್ತು. 1771ರಲ್ಲಿ ಮರಾಠರು ಮೈಸೂರಿನ ಮೇಲೆ ಬಂದಾಗ ಇಂಗ್ಲಿಷರು ನೆರವಿಗೆ ಬರಲಿಲ್ಲ. 1779ರಲ್ಲಿ ಮಾಹೆಯನ್ನು ಹಿಡಿದರು. ಮುಂದಿನ ವರ್ಷ ಹೈದರ್ ಯುದ್ಧಕ್ಕೆ ಹೊರಟ.

ಆದ್ದರಿಂದ ಕ್ವಿಜ್ ಆ ಖಾಲಿ ಜಾಗಗಳನ್ನೂ ಕೇಳಬೇಕು. ಇಸವಿ ಕೇಳುವುದೇ ಆದರೆ ಆಯ್ಕೆಗಳು ಅದೇ ಪುಟದ್ದಾಗಿರಲಿ: ಮೂರನೇ ಯುದ್ಧ ಮುಗಿದದ್ದು 1769, 1784, 1792, 1799ರಲ್ಲಿ ಯಾವಾಗ? ಇಲ್ಲಿ ಊಹೆ ನಡೆಯುವುದಿಲ್ಲ. ಬಳಿಕ ಚೀಟಿಗಳಲ್ಲಿ ಮೂರು ಒಪ್ಪಂದ ಮತ್ತು ಶ್ರೀರಂಗಪಟ್ಟಣದ ಪತನ ಬರೆದು ಕಲಸಿ, ಕ್ರಮವಾಗಿ ಜೋಡಿಸಲು ಹೇಳಿ. ಆಮೇಲೆ ಕೇಳಿ: 1782ರಲ್ಲಿ ಹೈದರ್ ತೀರಿಕೊಂಡಾಗ ಯುದ್ಧ ನಡೆಯುತ್ತಿತ್ತೇ, ನಿಂತಿತ್ತೇ? 1780-84 ತಲೆಯಲ್ಲಿ ಗೆರೆಯಾಗಿ ಕುಳಿತಿದ್ದರೆ ನಡೆಯುತ್ತಿತ್ತು ಎಂಬ ಉತ್ತರ ತಾನಾಗಿ ಬರುತ್ತದೆ, ಟಿಪ್ಪು ಪಟ್ಟಕ್ಕೆ ಬಂದದ್ದು ಯುದ್ಧದ ನಡುವೆ ಎಂಬುದೂ ತಿಳಿಯುತ್ತದೆ.

ಗುಟ್ಟು ನಿಂತಿದೆಯೇ ಎಂದು ನೋಡಲು ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ ಉಲ್ಟಾ ಕೇಳಿ: ಧಾರೆ ಎಂದರೆ ಯಾರು, ಯಾರಿಗೆ, ಏನು ಕೊಟ್ಟರು? ಮಗು ಬರೀ 92 ಎಂದರೆ ಪಾಠ ಇನ್ನೂ ಆಗಿಲ್ಲ. ಟಿಪ್ಪು, ಅರ್ಧ ರಾಜ್ಯ, ಇಂಗ್ಲಿಷರು, ಮರಾಠರು, ನಿಜಾಮ ಎಂದರೆ ಆಗಿದೆ.

ಗುಂಪಿಗೆ ಕ್ವಿಜ್ ಹಾಕುವ ಮೇಷ್ಟರು, ಟ್ಯೂಷನ್ ಅಣ್ಣಂದಿರಲ್ಲಿ ನಮ್ಮ ಕೇಳಿಕೆ ಒಂದೇ: ಹತ್ತು ಪ್ರಶ್ನೆಗಳಲ್ಲಿ ಇಸವಿ ಕೇಳುವುದು ಮೂರು ಸಾಕು. ಉಳಿದ ಏಳರಲ್ಲಿ ಯಾವುದು ಮೊದಲು, ಯಾವುದರಿಂದ ಯಾವುದು, ನಡುವೆ ಏನಾಯಿತು ಎಂದು ಕೇಳಿ.